ಒಡೆದು ಬಂದ ಗ್ರೈಂಡರ್‌ಗೆ ದೂರು ಪತ್ರ: ನಾನು ಎಡವಿದ ಎರಡು ಪದಗಳು

ವ್ಯವಹಾರ ಪತ್ರದ ಪಾಠ ಓದುತ್ತಿರುವವರಿಗಾಗಿ ಇದನ್ನು ಬರೆದಿಟ್ಟಿದ್ದೇನೆ. ಇಂದ, ಗೆ, ವಿಷಯ, ಮಾನ್ಯರೇ, ಇಂತಿ ತಮ್ಮ ವಿಶ್ವಾಸಿ, ಇದೆಲ್ಲ ನಿಮಗೆ ಗೊತ್ತೇ ಇದೆ. ನಾನು ಎಡವಿದ್ದು ಪತ್ರದ ನಡುಭಾಗದಲ್ಲಿ.

ಕಳೆದ ವಾರ ದಾವಣಗೆರೆಯ ನಮ್ಮ ಮನೆಗೆ ಎರಡು ಲೀಟರ್ ವೆಟ್ ಗ್ರೈಂಡರ್ ಬಂತು. ಬೆಂಗಳೂರಿನ ಮಾರಾಟಗಾರರಿಂದ ಆನ್‌ಲೈನ್‌ನಲ್ಲಿ ತರಿಸಿದ್ದು. ದೋಸೆಗೆ ಅಂತ ಅಮ್ಮ ಅಕ್ಕಿ, ಉದ್ದು ನೆನೆಹಾಕಿಯೇ ಕಾಯುತ್ತಿದ್ದರು. ಬಾಕ್ಸ್ ತೆಗೆದರೆ ಪ್ಲಾಸ್ಟಿಕ್ ಬಾಡಿಯ ಎಡಮೂಲೆಯಲ್ಲಿ ತಳದಿಂದ ಮೇಲಕ್ಕೆ ಸುಮಾರು 7 ಸೆಂ.ಮೀ. ಉದ್ದದ ಬಿರುಕು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು.

ಅವತ್ತೇ ನಾನು ಬರೆದ ಮೊದಲ ಕರಡು ಇಷ್ಟೇ: "ನಿಮ್ಮ ಗ್ರೈಂಡರ್ ಒಡೆದಿದೆ. ವಾರಂಟಿ ಪ್ರಕಾರ ಸೂಕ್ತ ಪರಿಹಾರ ಕೊಡಿ." ಓದಲು ಸರಿಯಾಗಿಯೇ ಇದೆ, ಅಲ್ವಾ? ಅಪ್ಪ ಓದಿ, "ವಾರಂಟಿ ಕಾರ್ಡ್ ತಿರುಗಿಸಿ ನೋಡಪ್ಪ" ಅಂದರು.

ವಾರಂಟಿ ಎಂಬ ಪದ

ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿತ್ತು: ತಯಾರಿಕೆಯ ದೋಷಕ್ಕೆ ಮಾತ್ರ ವಾರಂಟಿ, ಪ್ಲಾಸ್ಟಿಕ್ ಭಾಗ ಒಡೆದರೆ ಇಲ್ಲ. ಇಂಥ ಷರತ್ತು ಬಹಳ ಕಾರ್ಡುಗಳಲ್ಲಿ ಇರುತ್ತದೆ. ನಾವಾಗಿಯೇ ವಾರಂಟಿ ಅಂತ ಬರೆದರೆ ಪತ್ರ ಸರ್ವಿಸ್ ಸೆಂಟರ್‌ಗೆ ಹೋಗುತ್ತದೆ. ಅಲ್ಲಿ ಈ ಸಾಲು ತೋರಿಸಿ ಕೈ ತೊಳೆದುಕೊಳ್ಳುತ್ತಾರೆ.

ನಮ್ಮ ದೂರೇ ಬೇರೆ. ವಾರಂಟಿ ಅನ್ನೋದು ಬಳಸುವಾಗ ಕೆಟ್ಟರೆ. ನಮಗೆ ಒಳ್ಳೆಯ ವಸ್ತು ಬಂದೇ ಇಲ್ಲ. 2020ರ ಗ್ರಾಹಕ ರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ದೋಷವಿರುವ ವಸ್ತುವನ್ನು ವಾಪಸ್ ಪಡೆಯಲು ಅಥವಾ ಹಣ ಹಿಂದಿರುಗಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಹಾಗಾಗಿ ಪತ್ರ ಹೋಗಬೇಕಾದ್ದು ಮಾರಿದವರಿಗೆ. "ಒಡೆದಿದೆ" ಅಂದರೆ ಯಾವಾಗ ಒಡೆಯಿತು ಅನ್ನೋದು ತಿಳಿಯುವುದಿಲ್ಲ. "ಒಡೆದ ಸ್ಥಿತಿಯಲ್ಲೇ ಬಂದಿದೆ" ಅಂದರೆ ತಿಳಿಯುತ್ತದೆ.

ಹಾಗಂತ ಬರೆದರೆ ಸಾಲದು, ಓದುವವರಿಗೆ ಕಾಣಿಸಬೇಕು. ನಾನು ಬಾಕ್ಸನ್ನು ಮತ್ತೆ ನೋಡಿದೆ. ಹೊರಗಿನ ಎಡಮೂಲೆ ಒಳಕ್ಕೆ ಕುಸಿದಿತ್ತು. ಅದೇ ಮೂಲೆಯ ಥರ್ಮೋಕೋಲ್ ಪುಡಿಯಾಗಿತ್ತು. ಬಿರುಕೂ ಅದೇ ಮೂಲೆಯಲ್ಲಿ. ಮನೆಯಲ್ಲಿ ಕೈಜಾರಿ ಬಿದ್ದಿದ್ದರೆ ಬಾಕ್ಸ್ ಯಾಕೆ ಕುಸಿಯುತ್ತದೆ? ಈ ಮೂರನ್ನೂ ಫೋಟೋ ತೆಗೆದೆ, ಬಾಕ್ಸಿನ ಮೇಲಿನ ವಿಳಾಸದ ಚೀಟಿ ಮತ್ತು ತಳದ ಸೀರಿಯಲ್ ನಂಬರ್ ಸೇರಿಸಿ. ಅಮ್ಮ ಹಿಟ್ಟು ರುಬ್ಬಲು ಹೊರಟಿದ್ದರು, ಬೇಡ ಅಂದೆ. ಒಮ್ಮೆ ರುಬ್ಬಿದರೆ ಕಲ್ಲಿನಲ್ಲಿ ಹಿಟ್ಟು ಉಳಿಯುತ್ತದೆ, ಬಳಸಿದ ಮೇಲೆ ಒಡೆದದ್ದು ಅನ್ನಲು ದಾರಿಯಾಗುತ್ತದೆ.

"ಕೊರಿಯರ್‌ನವರು ಎಸೆದಿದ್ದಾರೆ" ಅಂತಲೂ ಬರೆದಿದ್ದೆ, ಹೊಡೆದು ಹಾಕಿದೆ. ನಾನು ನೋಡಿಲ್ಲ. ಜೊತೆಗೆ "ಹಾಗಾದರೆ ಅವರನ್ನೇ ಕೇಳಿ" ಅನ್ನಲು ನಾವೇ ದಾರಿ ತೋರಿಸಿದಂತೆ. ಕಂಡದ್ದನ್ನು ಮಾತ್ರ ಬರೆಯಬೇಕು.

ಪರಿಹಾರ ಎಂಬ ಪದ

ಪರಿಹಾರ ಅಂದರೆ ಸಮಸ್ಯೆಗೆ ಉತ್ತರವೂ ಹೌದು, ನಷ್ಟಕ್ಕೆ ಕೊಡುವ ದುಡ್ಡೂ ಹೌದು. "ಸೂಕ್ತ" ಸೇರಿಸಿದರೆ ಎಷ್ಟು ಸೂಕ್ತ ಅಂತ ಅವರೇ ತೀರ್ಮಾನಿಸುತ್ತಾರೆ. ಮಾರಾಟಗಾರರಿಗೆ ಫೋನ್ ಮಾಡಿ ಇದೇ ಪದ ಬಳಸಿದ್ದಕ್ಕೆ, "400 ರೂಪಾಯಿ ಕಡಿಮೆ ಮಾಡ್ತೀವಿ, ಇಟ್ಕೊಳ್ಳಿ" ಅಂದರು. ಏನು ಬೇಕು, ಎಷ್ಟು ದಿನದೊಳಗೆ, ಆಗದಿದ್ದರೆ ಏನು, ಇಷ್ಟನ್ನು ಹೆಸರಿಸಿಯೇ ಕೇಳಬೇಕು.

ಕೊನೆಗೆ ಉಳಿದ ಒಡಲು:

> ವಿಷಯ: ಒಡೆದ ಸ್ಥಿತಿಯಲ್ಲಿ ತಲುಪಿದ ವೆಟ್ ಗ್ರೈಂಡರ್ ಬದಲಿಸಿ ಕೊಡುವ ಬಗ್ಗೆ
>
> ನಾನು ರೂ. 4,850 ಪಾವತಿಸಿ ತಮ್ಮಿಂದ ಖರೀದಿಸಿದ ಗ್ರೈಂಡರ್ 10ನೇ ತಾರೀಕು ಸಂಜೆ ತಲುಪಿತು. ಆಗಲೇ ಬಾಕ್ಸ್ ತೆರೆದೆವು. ಬಾಡಿಯ ಎಡಮೂಲೆಯಲ್ಲಿ ಸುಮಾರು 7 ಸೆಂ.ಮೀ. ಬಿರುಕು ಕಂಡಿತು. ಬಾಕ್ಸ್ ಮತ್ತು ಥರ್ಮೋಕೋಲ್ ಅದೇ ಮೂಲೆಯಲ್ಲಿ ಜಜ್ಜಿವೆ. ಗ್ರೈಂಡರನ್ನು ಒಮ್ಮೆಯೂ ಚಾಲೂ ಮಾಡಿಲ್ಲ. ಬಿಲ್ ಮತ್ತು ಫೋಟೋಗಳನ್ನು ಲಗತ್ತಿಸಿದ್ದೇನೆ.
>
> ಈ ಪತ್ರ ತಲುಪಿದ 7 ದಿನಗಳೊಳಗೆ ತಮ್ಮ ಖರ್ಚಿನಲ್ಲಿ ಇದನ್ನು ವಾಪಸ್ ಪಡೆದು, ಇದೇ ಮಾದರಿಯ ಹೊಸ ಗ್ರೈಂಡರ್ ಕಳುಹಿಸಬೇಕು. ಸಾಧ್ಯವಾಗದಿದ್ದರೆ ಪೂರ್ತಿ ಹಣ ಹಿಂದಿರುಗಿಸಬೇಕು.

ಆರ್ಡರ್ ನಂಬರ್, ಸೀರಿಯಲ್ ನಂಬರ್, ಬಿಲ್ ನಂಬರ್ ಮೂರನ್ನೂ ಉಲ್ಲೇಖದ ಸಾಲಿನಲ್ಲಿ ಹಾಕಿದರೆ ಒಡಲು ಹಗುರಾಗುತ್ತದೆ.

ಇಮೇಲ್ ಮಾಡಿ, ಅದರ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲೂ ಕಳುಹಿಸಿ ರಸೀದಿ ಇಟ್ಟುಕೊಂಡೆ. ಆ ಇ-ಕಾಮರ್ಸ್ ನಿಯಮಗಳಂತೆ ಮಾರಾಟಗಾರರು ದೂರು ಬಂದಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಬಾಕ್ಸನ್ನು ಗುಜರಿಗೆ ಹಾಕಬೇಡಿ. ವಾಪಸ್ ಒಯ್ಯಲು ಬಂದವರ ಚೀಟಿಯಲ್ಲಿ "ಬಾಡಿ ಬಿರುಕು, ಬಾಕ್ಸ್ ಮೂಲೆ ಜಜ್ಜಿದೆ" ಅಂತ ಬರೆಸಿ, ಸಹಿ ಹಾಕಿಸಿಕೊಂಡು ಆಮೇಲೆ ಕೊಡಿ.