2,11,000 ಬಿಲ್ಲಿಗೆ 87,200 ಬಂತು: ಉಳಿದದ್ದು ಎಲ್ಲಿ ಹೋಯಿತು?

ಗೋಣಿಕೊಪ್ಪದ ಓದುಗರೊಬ್ಬರ ಪ್ರಶ್ನೆ: "ಕರಿಮೆಣಸು ಕುಯ್ಯುವಾಗ ಏಣಿ ಜಾರಿ ಅಪ್ಪನ ಕಾಲು ಮುರಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಪ್ಲೇಟ್ ಹಾಕಿದರು. ಬಿಲ್ 2,11,000 ರೂಪಾಯಿ. ಪಾಲಿಸಿಯಲ್ಲಿ 20% ಕೋ-ಪೇ, 25,000 ಡಿಡಕ್ಟಿಬಲ್ ಇದೆ. ನನ್ನ ಲೆಕ್ಕಕ್ಕೆ 1,43,800 ಬರಬೇಕಿತ್ತು. ಕಂಪನಿ ಕೊಟ್ಟದ್ದು 87,200. ಯಾರ ಲೆಕ್ಕ ಸರಿ?"

ಕೋ-ಪೇ ಅಂದರೆ ಕ್ಲೇಮಿನಲ್ಲಿ ನಾವು ಕೈಯಿಂದ ಹಾಕಬೇಕಾದ ಶೇಕಡಾವಾರು ಪಾಲು. ಡಿಡಕ್ಟಿಬಲ್ ಅಂದರೆ ಕಂಪನಿ ಕೊಡಲು ಶುರು ಮಾಡುವ ಮೊದಲು ನಾವೇ ಕಟ್ಟಬೇಕಾದ ನಿಗದಿತ ಮೊತ್ತ. ಈಗ ಪ್ರಶ್ನೆಗೆ ಬಂದರೆ, ಇಬ್ಬರದೂ ತಪ್ಪು. ಅವರು ಕಳಿಸಿದ ಬಿಲ್ಲು, ಪಾಲಿಸಿ ಎರಡನ್ನೂ ಇಟ್ಟುಕೊಂಡು ಕೂತರೆ ಬರುವ ಮೊತ್ತ 1,12,000.

ಮೊದಲು ಓದುಗರ ತಪ್ಪು. ಅವರು ಇಡೀ ಬಿಲ್ಲಿನಿಂದಲೇ 20% ಕಳೆದಿದ್ದಾರೆ. ಕೋ-ಪೇ ಬಿಲ್ಲಿನ ಮೇಲೆ ಬರುವುದಲ್ಲ, ಕಂಪನಿ ಒಪ್ಪಿಕೊಂಡ ಮೊತ್ತದ ಮೇಲೆ ಬರುತ್ತದೆ. ಆ ಮೊತ್ತ ಎಷ್ಟು ಅಂತ ಗೊತ್ತಾಗದೆ ಮುಂದಿನ ಲೆಕ್ಕ ಹಾಕಿ ಪ್ರಯೋಜನವಿಲ್ಲ.

ಬಿಲ್ಲಿನಲ್ಲಿ ಗ್ಲೌಸ್, ಫೈಲ್ ಚಾರ್ಜ್ ಇಂಥವೆಲ್ಲ ಸೇರಿ 10,000 ಇತ್ತು. ಅದನ್ನು ಈ ಪಾಲಿಸಿ ಕೊಡುವುದಿಲ್ಲ. ಉಳಿಯಿತು 2,01,000. ಅಸಲಿ ಪೆಟ್ಟು ಬಿದ್ದದ್ದು ರೂಮಿನಲ್ಲಿ. ಪಾಲಿಸಿಯ ಮಿತಿ ದಿನಕ್ಕೆ 4,000. ಅಪ್ಪನಿಗೆ ನಿದ್ದೆ ಬರಲಿ ಅಂತ ಇವರು ತೆಗೆದುಕೊಂಡದ್ದು 6,000ದ ಸಿಂಗಲ್ ರೂಮ್, ನಾಲ್ಕು ದಿನ. ದಿನಕ್ಕೆ 2,000ದಂತೆ ಎಂಟು ಸಾವಿರ ಕೈಯಿಂದ ಹೋದರೆ ಹೋಗಲಿ ಅಂದುಕೊಂಡಿದ್ದರಂತೆ. ಹಾಗಾಗುವುದಿಲ್ಲ. ದೊಡ್ಡ ರೂಮ್ ತೆಗೆದುಕೊಂಡರೆ ಸರ್ಜನ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಚಾರ್ಜುಗಳೂ ಅದೇ ಅನುಪಾತದಲ್ಲಿ ಕಡಿತವಾಗುತ್ತವೆ. ಆರರಲ್ಲಿ ನಾಲ್ಕು, ಅಂದರೆ ಮೂರರಲ್ಲಿ ಎರಡು ಪಾಲು ಮಾತ್ರ ಸಿಗುತ್ತದೆ.

ಕಂಪನಿ ಎಡವಿದ್ದೂ ಇಲ್ಲೇ. ಇಡೀ 2,01,000ಕ್ಕೂ ಅದೇ ಕತ್ತರಿ ಹಾಕಿ 1,34,000 ಮಾಡಿಬಿಟ್ಟಿದೆ. ಅದರಲ್ಲಿ ಡಿಡಕ್ಟಿಬಲ್ ಕಳೆದರೆ 1,09,000, ಕೋ-ಪೇ ಕಳೆದರೆ 87,200. ಆದರೆ ಔಷಧಿ, ಇಂಪ್ಲಾಂಟ್, ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆಗಳಿಗೆ ಈ ಕಡಿತ ಹಾಕಬಾರದು ಅಂತ ವಿಮಾ ನಿಯಂತ್ರಕ ಐಆರ್‌ಡಿಎಐ 2020ರಲ್ಲೇ ಹೇಳಿದೆ. ಐಸಿಯು ಚಾರ್ಜಿಗೂ ಹಾಕುವಂತಿಲ್ಲ. ಕಾಲಿಗೆ ಹಾಕಿದ ಪ್ಲೇಟಿನ ಬೆಲೆ ರೂಮ್ ನೋಡಿ ಬದಲಾಗುವುದಿಲ್ಲ, ಅಲ್ವಾ?

ಈಗ ಸರಿಯಾಗಿ ಕೂಡಿಸೋಣ. ರೂಮ್ ಬಾಡಿಗೆ 24,000ದಲ್ಲಿ ಸಿಗುವುದು 16,000. ಸರ್ಜನ್, ಥಿಯೇಟರ್, ನರ್ಸಿಂಗ್ ಸೇರಿ 84,000 ಇತ್ತು, ಸಿಗುವುದು 56,000. ಪ್ಲೇಟ್ 45,000, ಔಷಧಿ 28,000, ಪರೀಕ್ಷೆಗಳು 20,000. ಈ 93,000 ಪೂರ್ತಿ ಸಿಗಬೇಕು. ಒಟ್ಟು 1,65,000. ಡಿಡಕ್ಟಿಬಲ್ ಕಳೆದರೆ 1,40,000. ಅದರ 20% ಅಂದರೆ 28,000 ಓದುಗರ ಪಾಲು. ಕಂಪನಿ ಕೊಡಬೇಕಾದ್ದು 1,12,000. ಕಡಿಮೆ ಬಂದದ್ದು 24,800.

ಡಿಡಕ್ಟಿಬಲ್ ಮೊದಲೋ ಕೋ-ಪೇ ಮೊದಲೋ ಅನ್ನುವುದೂ ಮುಖ್ಯ. ಕೋ-ಪೇ ಮೊದಲು ಕಳೆದಿದ್ದರೆ ಇದೇ ಕ್ಲೇಮಿಗೆ 1,07,000 ಬರುತ್ತಿತ್ತು. ಐದು ಸಾವಿರ ಕಮ್ಮಿ. ಇದು ಯಾವಾಗಲೂ ಡಿಡಕ್ಟಿಬಲ್‌ನ ಕೋ-ಪೇ ಪಾಲಿನಷ್ಟೇ ಇರುತ್ತದೆ: 25,000ದ 20%. ಹಾಗಾಗಿ ವ್ಯತ್ಯಾಸ ಸರಿಯಾಗಿ ಅಷ್ಟೇ ಬಂದರೆ ಕ್ರಮ ಅದಲುಬದಲಾಗಿದೆ ಅಂತ ಅನುಮಾನಿಸಬಹುದು. ಯಾವುದು ಮೊದಲು ಅನ್ನುವುದು ಆಯಾ ಪಾಲಿಸಿಯ ಷರತ್ತಿನಲ್ಲಿರುತ್ತದೆ. ಇವರದ್ದರಲ್ಲಿ "ಡಿಡಕ್ಟಿಬಲ್ ನಂತರದ ಮೊತ್ತಕ್ಕೆ ಕೋ-ಪೇ" ಅಂತ ಸ್ಪಷ್ಟವಾಗಿದೆ.

ಇನ್ನೊಂದು ಮಾತು. ಡಿಡಕ್ಟಿಬಲ್ ಪ್ರತಿ ಕ್ಲೇಮಿಗೋ, ಇಡೀ ವರ್ಷಕ್ಕೋ ನೋಡಿಕೊಳ್ಳಿ. ವರ್ಷಕ್ಕೆ ಅಂತಿದ್ದರೆ, ಮಳೆಗಾಲದಲ್ಲಿ ಜ್ವರ ಬಂದು ಮಡಿಕೇರಿಯಲ್ಲಿ ಅಡ್ಮಿಟ್ ಆಗಿ ಕೈಯಿಂದ ಕಟ್ಟಿದ ಬಿಲ್ಲನ್ನೂ ಕಂಪನಿಗೆ ಕೊಟ್ಟಿಡಬೇಕು. ಹಣ ಬರಲ್ಲ ಅಂತ ಸುಮ್ನೆ ಬಿಡುವವರೇ ಜಾಸ್ತಿ. ಆದರೆ ಅದರಲ್ಲಿ ಒಪ್ಪಿಗೆಯಾದಷ್ಟು ಡಿಡಕ್ಟಿಬಲ್‌ಗೆ ಜಮೆಯಾಗುತ್ತದೆ.

ಓದುಗರು ಈಗ ಮಾಡಬೇಕಾದ್ದು: ಯಾವ ಸಾಲಿನಲ್ಲಿ ಎಷ್ಟು, ಯಾಕೆ ಕಳೆದಿದ್ದೀರಿ ಅನ್ನುವ ವಿವರವನ್ನು ಕಂಪನಿಯಿಂದ ಬರಹದಲ್ಲಿ ಕೇಳಬೇಕು. ಫೋನಿನಲ್ಲಿ ಹೇಳಿದ್ದನ್ನು ನಂಬಿ ಕೂರಬೇಡಿ. ಜೊತೆಗೆ ಆಸ್ಪತ್ರೆಯಲ್ಲೂ ಒಂದು ವಿಷಯ ವಿಚಾರಿಸಿ. ರೂಮ್ ಯಾವುದಾದರೂ ಸರ್ಜನ್, ಥಿಯೇಟರ್ ದರ ಒಂದೇ ಅಂತಿದ್ದರೆ ಹಾಗೆಂದು ಪತ್ರ ತೆಗೆದುಕೊಳ್ಳಿ. ಆಗ ಆ 84,000ಕ್ಕೂ ಅನುಪಾತದ ಕಡಿತ ಹಾಕುವಂತಿಲ್ಲ, ಇನ್ನೂ 22,400 ಸಿಗಬೇಕಾಗುತ್ತದೆ.

ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಕಂಪನಿಯ ದೂರು ವಿಭಾಗಕ್ಕೆ ಕಳಿಸಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಕಂಪನಿ ಆಗಲ್ಲ ಅಂದಮೇಲೆ ಒಂದು ವರ್ಷದೊಳಗೆ ಹೋಗಬೇಕು.