ಗ್ಲಾಸ್ ವೂಲ್ ಹಾಸುವಾಗ ಮೈ ನವೆಯಾಗುವುದೇಕೆ, ತಡೆಯುವುದು ಹೇಗೆ

ಮಾಡಿನ ಬಿಸಿ ತಡೆಯಲು ಹಾಸುವ ಗ್ಲಾಸ್ ವೂಲ್ ಮುಟ್ಟಿದ ಮೇಲೆ ಮೈಯೆಲ್ಲ ನವೆಯಾದರೆ ಹಲವರು ಅದನ್ನು ಅಲರ್ಜಿ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅದು ಬರೀ ಚುಚ್ಚುವಿಕೆ. ಕರಗಿದ ಗಾಜನ್ನು ಎಳೆ ಎಳೆಯಾಗಿಸಿ ಈ ಉಣ್ಣೆ ತಯಾರಿಸುತ್ತಾರೆ. ರಾಕ್ ವೂಲ್‌ಗೆ ಗಾಜಿನ ಬದಲು ಬಸಾಲ್ಟ್‌ನಂಥ ಕಲ್ಲು. ಎಳೆಗಳು ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳು. ಅವುಗಳಲ್ಲಿ ಸುಮಾರು 5 ಮೈಕ್ರಾನ್‌ಗಿಂತ ದಪ್ಪನೆಯವು ಮುರಿದಾಗ, ಆ ಚೂಪು ತುದಿ ಚರ್ಮಕ್ಕೆ ನಾಟುತ್ತದೆ. ಅಂಗೈ ಚರ್ಮ ದಪ್ಪ, ಅಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಮಣಿಕಟ್ಟು, ಮೊಣಕೈ ಸಂದು, ಕುತ್ತಿಗೆಗಳಲ್ಲಿ ಉರಿ ಹತ್ತುತ್ತದೆ.

ಶ್ವಾಸಕೋಶದ ವಿಷಯ ಬೇರೆ. 3 ಮೈಕ್ರಾನ್‌ಗಿಂತ ತೆಳುವಾದ ಎಳೆಗಳು ಉಸಿರಿನ ಜೊತೆ ಆಳಕ್ಕೆ ಇಳಿಯಬಲ್ಲವು. ಆದರೆ ಇವು ಆಸ್ಬೆಸ್ಟಾಸ್ ಅಂದರೆ ಕಲ್ನಾರಿನಂತೆ ಉದ್ದುದ್ದ ಸೀಳಿ ಇನ್ನೂ ತೆಳುವಾಗುವುದಿಲ್ಲ. ಅಡ್ಡಕ್ಕೆ ಮುರಿದು ಗಿಡ್ಡವಾಗುತ್ತವೆ, ದೇಹದೊಳಗೆ ನಿಧಾನವಾಗಿ ಕರಗುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿ ಇವನ್ನು ಕ್ಯಾನ್ಸರ್ ತರಬಹುದಾದ ವಸ್ತುಗಳ ಸಾಲಿಗೆ ಸೇರಿಸಿತ್ತು. 2001ರಲ್ಲಿ ಮರುಪರಿಶೀಲಿಸಿ, ಹಾಗೆ ವರ್ಗೀಕರಿಸಲು ಸಾಕ್ಷ್ಯ ಸಾಲದೆಂದು ಕೈಬಿಟ್ಟಿತು. ಹಾಗೆಂದು ಮಾಸ್ಕ್ ಬೇಡವೆಂದಲ್ಲ. ಗಂಟಲು ಕೆರೆತ, ಕೆಮ್ಮು ತಪ್ಪಿಸಲಾದರೂ ಅದು ಬೇಕೇ ಬೇಕು.

ಶೀಟ್ ಮಾಡಿನ ಕೆಳಗೆ 3 ಮೀಟರ್ ಅಗಲ, 3.6 ಮೀಟರ್ ಉದ್ದದ ಕೋಣೆಗೆ ಜಿಪ್ಸಮ್ ಫಾಲ್ಸ್ ಸೀಲಿಂಗ್ ಹಾಕಿಸುತ್ತಿದ್ದೀರಿ ಎಂದುಕೊಳ್ಳಿ. ಅದರ ಮೇಲೆ ಹಾಸಲು 50 ಮಿಲಿಮೀಟರ್ ದಪ್ಪದ, 1.2 ಮೀಟರ್ ಅಗಲ, 10 ಮೀಟರ್ ಉದ್ದದ ಒಂದು ರೋಲ್ ತಂದಿದ್ದೀರಿ. ಕೋಣೆಯ ಉದ್ದಕ್ಕೆ ಹಾಸಿದರೆ ಎರಡೂವರೆ ಪಟ್ಟಿ ಬೇಕು. ಒಂದನ್ನು ಉದ್ದಕ್ಕೂ ಸೀಳಬೇಕಾಗುತ್ತದೆ. ಅಗಲಕ್ಕೆ ಹಾಸಿದರೆ 3 ಮೀಟರಿನ ಮೂರು ತುಂಡು ಸರಿಯಾಗಿ ಕೂರುತ್ತವೆ, ಮೂರೇ ಸಲ ಅಡ್ಡಕ್ಕೆ ಕತ್ತರಿಸಿದರಾಯಿತು. ಎಳೆ ಹೆಚ್ಚು ಹಾರುವುದು ಕತ್ತರಿಸುವಾಗ, ಆದ್ದರಿಂದ ಈ ಲೆಕ್ಕವನ್ನು ರೋಲ್ ಬಿಚ್ಚುವ ಮೊದಲೇ ಹಾಕಿಕೊಳ್ಳಬೇಕು.

ಪ್ಲಾಸ್ಟಿಕ್ ಹೊದಿಕೆಯನ್ನು ಅದೇ ಕೋಣೆಗೆ ತಂದ ಮೇಲೆ ತೆಗೆಯಿರಿ. ಒತ್ತಿ ಸುತ್ತಿದ ರೋಲ್ ಬಿಚ್ಚಿದೊಡನೆ ಉಬ್ಬುತ್ತದೆ, ಆಗಲೇ ದೂಳು ಏಳುತ್ತದೆ. ಕಿಟಕಿ ತೆರೆದಿಡಿ, ಆದರೆ ಫ್ಯಾನ್ ಹಾಕಬೇಡಿ. ಹಲಗೆಯ ಮೇಲೆ ಹಾಸಿ, ಮೇಲೊಂದು ಮರದ ಪಟ್ಟಿ ಇಟ್ಟು ಕಾಲಿನಿಂದ ಒತ್ತಿಹಿಡಿದು, ಉದ್ದನೆಯ ಹರಿತ ಚಾಕುವಿನಿಂದ ಕುಯ್ಯಬೇಕು. ಮೊಂಡು ಚಾಕು ಎಳೆಗಳನ್ನು ಹರಿಯುತ್ತದೆ, ಕರೆಂಟ್ ಗರಗಸವಂತೂ ದೂಳನ್ನು ಗಾಳಿಗೆ ಎರಚುತ್ತದೆ.

ಇನ್ನು ಉಡುಪು. ಮೈಗಂಟುವ ಬಟ್ಟೆ ಎಳೆಯನ್ನು ಚರ್ಮಕ್ಕೆ ಉಜ್ಜುತ್ತದೆ, ಸಡಿಲವಾದ ತುಂಬುತೋಳಿನ ಅಂಗಿಯೇ ವಾಸಿ. ಕಾಲರ್ ಗುಂಡಿ ಹಾಕಿ, ತಲೆ ಕುತ್ತಿಗೆ ಮುಚ್ಚುವಂತೆ ಬಟ್ಟೆ ಸುತ್ತಿಕೊಳ್ಳಬೇಕು. ಗ್ಲೌಸ್ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಕೈ ಮೇಲೆತ್ತಿ ಮಾಡುವ ಕೆಲಸ ಇದು. ಅಂಗಿಯ ತೋಳು ಗ್ಲೌಸಿನ ಹೊರಗಿದ್ದರೆ, ಕೈ ಎತ್ತಿದಾಗ ತೋಳಿನ ಬಾಯಿ ಆಕಾಶಕ್ಕೆ ತೆರೆದು, ಉದುರಿದ ಎಳೆಯೆಲ್ಲ ಮೊಣಕೈವರೆಗೆ ಇಳಿಯುತ್ತದೆ. ಉದ್ದ ಗ್ಲೌಸನ್ನು ತೋಳಿನ ಮೇಲಕ್ಕೆ ಎಳೆದುಕೊಂಡು, ಅಂಚಿಗೆ ಟೇಪ್ ಸುತ್ತಿದರೆ ಈ ತೊಂದರೆಯಿಲ್ಲ.

ಮುಖ ಮೇಲೆತ್ತಿರುವುದರಿಂದ ಬರೀ ಕನ್ನಡಕ ಸಾಲದು. ಸುತ್ತಲೂ ಮುಖಕ್ಕೆ ಕೂರುವ ಗಾಗಲ್ಸ್ ಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಈ ಕೆಲಸ ಮಾಡಬಾರದು. ಕಣ್ಣಿಗೆ ಎಳೆ ಬಿದ್ದರೆ ಉಜ್ಜದೆ, ಶುದ್ಧ ನೀರಿನಲ್ಲಿ ತೊಳೆಯುತ್ತಲೇ ಇರಿ. ಆಮೇಲೂ ಚುಚ್ಚುತ್ತಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಿ. ಮಾಸ್ಕ್ ಎಫ್‌ಎಫ್‌ಪಿ2 ಅಥವಾ ಎನ್95 ಇರಲಿ. ಟವೆಲ್ ಅಥವಾ ಸರ್ಜಿಕಲ್ ಮಾಸ್ಕ್‌ನಲ್ಲಿ ಕೆನ್ನೆಯ ಪಕ್ಕ ಸಂದು ಉಳಿಯುತ್ತದೆ, ಗಡ್ಡವಿದ್ದರೆ ಒಳ್ಳೆಯ ಮಾಸ್ಕೂ ಕೂರುವುದಿಲ್ಲ. ಜೋರಾಗಿ ಉಸಿರು ಬಿಟ್ಟಾಗ ಕಣ್ಣಿನ ಕಡೆಗೆ ಗಾಳಿ ಬಂದರೆ, ಮೂಗಿನ ಮೇಲಿನ ತಂತಿಯನ್ನು ಇನ್ನಷ್ಟು ಒತ್ತಬೇಕು.

ಏಪ್ರಿಲ್ ಮಧ್ಯಾಹ್ನ ಕಾದ ಶೀಟಿನಡಿ ಇಷ್ಟೆಲ್ಲ ತೊಟ್ಟು ನಿಲ್ಲುವುದು ಕಷ್ಟ. ಬೆವರಿಗೆ ಎಳೆ ಅಂಟುತ್ತದೆ, ಸೆಕೆ ತಾಳದೆ ಮಾಸ್ಕ್ ಕಳಚುವುದೂ ಆಗಲೇ. ಬೆಳಗಿನ ಹೊತ್ತೇ ಮುಗಿಸುವುದು ಜಾಣತನ. ಮಾಡು ಹಳೆಯ ಕಲ್ನಾರು ಸಿಮೆಂಟ್ ಶೀಟಿನದ್ದಾದರೆ ಅದನ್ನು ಕೊರೆಯಬೇಡಿ, ಕೆರೆಯಬೇಡಿ, ಒಣಗಿದ್ದಾಗ ಗುಡಿಸಲೂಬೇಡಿ. ಕಲ್ನಾರಿನ ದೂಳು ಕ್ಯಾನ್ಸರ್ ತರುವುದು ಖಚಿತ. ಗ್ಲಾಸ್ ವೂಲ್‌ಗಿಂತ ದೊಡ್ಡ ಅಪಾಯ ಅಲ್ಲಿದೆ.

ಕೆಲಸ ಮುಗಿದ ಮೇಲೆ ಒಣ ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಚೂರುಗಳನ್ನು ಚೀಲದಲ್ಲಿ ಕಟ್ಟಿಬಿಡಿ. ಮೈಯನ್ನು ಮೊದಲು ಉಜ್ಜದೆ, ಸುರಿಯುವ ತಣ್ಣೀರಿನಲ್ಲಿ ತೊಳೆಯಬೇಕು, ಸೋಪು ಆಮೇಲೆ. ಅದಕ್ಕೂ ಜಗ್ಗದ ಎಳೆ ಇದ್ದರೆ ಅಂಟುಟೇಪ್ ಒತ್ತಿ ಕಿತ್ತರೆ ಬರುತ್ತದೆ. ಬಟ್ಟೆಯನ್ನು ಹೊರಗೆ ಕೊಡವಿ, ಮನೆಯವರ ಬಟ್ಟೆಯ ಜೊತೆ ಸೇರಿಸದೆ ಒಗೆಯಿರಿ. ವಾಷಿಂಗ್ ಮೆಷಿನ್‌ನಲ್ಲಿ ಒಗೆದಿದ್ದರೆ, ಮುಂದಿನ ಬಟ್ಟೆ ಹಾಕುವ ಮೊದಲು ಬರೀ ನೀರು ತುಂಬಿಸಿ ಒಂದು ಸುತ್ತು ಓಡಿಸಿ.