ಮರೆತು ಮತ್ತೆ ಲೆಕ್ಕ ಹಾಕುವ ಉಪಾಯ

ಆಳವಾದ ನರಜಾಲಕ್ಕೆ ತರಬೇತಿ ಕೊಡಲು ಹೊರಟವರಿಗೆಲ್ಲ `CUDA out of memory` ಎಂಬ ಸಾಲು ಒಂದಲ್ಲ ಒಂದು ದಿನ ಎದುರಾಗುತ್ತದೆ. ಮಾಡೆಲ್ ದೊಡ್ಡದಾಯಿತು, ಜಿಪಿಯು ಸಾಲದು ಎಂದು ಮೊದಲು ಅನ್ನಿಸುತ್ತದೆ. ಆದರೆ ಎಷ್ಟೋ ಸಲ ಮೆಮೊರಿಯ ದೊಡ್ಡ ಪಾಲನ್ನು ತಿಂದಿರುವುದು ಲೆಕ್ಕದ ದಾರಿಯಲ್ಲಿ ಹುಟ್ಟಿಕೊಂಡ ಮಧ್ಯಂತರ ಸಂಖ್ಯೆಗಳು. ಇವುಗಳಿಗೆ ಆಕ್ಟಿವೇಷನ್ ಎನ್ನುತ್ತಾರೆ.

ಇವನ್ನು ಯಾಕೆ ಇಟ್ಟುಕೊಳ್ಳಬೇಕು? ಒಂದೇ ಗುಣಾಕಾರ ಮಾಡುವ ಪುಟ್ಟ ಪದರವನ್ನು ನೋಡೋಣ: y = w × x. ಇಲ್ಲಿ w ಕಲಿಯಬೇಕಾದ ಸಂಖ್ಯೆ, x ಹಿಂದಿನ ಪದರದಿಂದ ಬಂದದ್ದು. x ಈಗ 3 ಆಗಿದ್ದರೆ, w ಅನ್ನು ಚೂರು ಅಲುಗಿಸಿದಾಗ y ಅದರ 3 ಪಟ್ಟು ಅಲುಗುತ್ತದೆ. ಅಂದರೆ w ಅನ್ನು ಎಷ್ಟು ತಿದ್ದಬೇಕೆಂದು ತಿಳಿಯಲು x ಎಷ್ಟಿತ್ತು ಎಂಬುದು ಗೊತ್ತಿರಲೇಬೇಕು. ತೊಡಕಿರುವುದು ಸಮಯದಲ್ಲಿ. ಫಾರ್ವರ್ಡ್ ಪಾಸ್ ಮೊದಲ ಪದರದಿಂದ ಕೊನೆಯದಕ್ಕೆ ಹೋಗುತ್ತದೆ, ಈ ತಿದ್ದುವಿಕೆಗೆ ಬೇಕಾದ ಅಳತೆಯನ್ನು, ಅಂದರೆ ಗ್ರೇಡಿಯೆಂಟ್ ಅನ್ನು, ಹುಡುಕುವ ಬ್ಯಾಕ್‌ವರ್ಡ್ ಪಾಸ್ ಕೊನೆಯಿಂದ ಹಿಂದಕ್ಕೆ ಬರುತ್ತದೆ. ಹಾಗಾಗಿ ಎಲ್ಲಕ್ಕಿಂತ ಮೊದಲು ಹುಟ್ಟಿದ x ಎಲ್ಲಕ್ಕಿಂತ ಕೊನೆಗೆ ಬೇಕಾಗುತ್ತದೆ. ಅಲ್ಲಿಯವರೆಗೂ ಅದು ಮೆಮೊರಿಯಲ್ಲಿ ಕೂತಿರಬೇಕು. ಪದರಗಳು ಹೆಚ್ಚಿದಷ್ಟೂ ಹೀಗೆ ಕಾಯುತ್ತ ಕೂರುವ ಸಂಖ್ಯೆಗಳೂ ಹೆಚ್ಚುತ್ತವೆ.

ಗ್ರೇಡಿಯೆಂಟ್ ಚೆಕ್‌ಪಾಯಿಂಟಿಂಗ್ ಮಾಡುವುದು ಇಷ್ಟೇ: ಹೆಚ್ಚಿನವನ್ನು ಹುಟ್ಟಿದ ಕೂಡಲೇ ಬಿಟ್ಟುಬಿಡುವುದು, ಬೇಕಾದಾಗ ಮತ್ತೆ ಲೆಕ್ಕ ಹಾಕುವುದು. (ತರಬೇತಿಯ ನಡುವೆ ಮಾಡೆಲ್ ಅನ್ನು ಡಿಸ್ಕ್‌ಗೆ ಉಳಿಸುವುದಕ್ಕೂ ಚೆಕ್‌ಪಾಯಿಂಟ್ ಎಂದೇ ಹೆಸರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.)

ಒಂದು ಲೆಕ್ಕ ಮಾಡಿಯೇ ನೋಡೋಣ. 100 ಪದರಗಳ ಜಾಲ, ಪ್ರತಿ ಪದರದ ಫಲಿತಾಂಶ 200 ಎಂಬಿ ಎಂದುಕೊಳ್ಳಿ. ಎಲ್ಲವನ್ನೂ ಇಟ್ಟುಕೊಂಡರೆ 20 ಜಿಬಿ. ಈಗ ಜಾಲವನ್ನು ಹತ್ತು ಹತ್ತು ಪದರಗಳ ತುಂಡು ಮಾಡಿ, ಪ್ರತಿ ತುಂಡಿನ ಬಾಗಿಲಲ್ಲಿರುವ ಫಲಿತಾಂಶವನ್ನಷ್ಟೇ ಉಳಿಸಿಕೊಳ್ಳೋಣ. ಹತ್ತು ಫಲಿತಾಂಶ, 2 ಜಿಬಿ. ಹಿಂದಿರುಗುವಾಗ 91ರಿಂದ 100ರವರೆಗಿನ ಕೊನೆಯ ತುಂಡನ್ನು ಅದರ ಬಾಗಿಲಿನಿಂದ ಮತ್ತೆ ಓಡಿಸಿ, ಒಳಗಿನ ಹತ್ತು ಫಲಿತಾಂಶಗಳನ್ನು ಪಡೆದು, ಗ್ರೇಡಿಯೆಂಟ್ ಲೆಕ್ಕ ಮುಗಿಸಿ, ಆ ಹತ್ತನ್ನೂ ಬಿಟ್ಟುಬಿಡುತ್ತೇವೆ. ಆಮೇಲೆ 81ರಿಂದ 90. ಯಾವ ಕ್ಷಣದಲ್ಲಿ ನೋಡಿದರೂ ಬಾಗಿಲಿನ 2 ಜಿಬಿ, ತೆರೆದಿರುವ ಒಂದೇ ತುಂಡಿನ 2 ಜಿಬಿ, ಒಟ್ಟು ಸುಮಾರು 4 ಜಿಬಿ. 20 ಇದ್ದದ್ದು 4ಕ್ಕೆ ಇಳಿಯಿತು.

ತುಂಡು ಚಿಕ್ಕದಾದರೆ ಬಾಗಿಲುಗಳು ಹೆಚ್ಚುತ್ತವೆ, ದೊಡ್ಡದಾದರೆ ತೆರೆದ ತುಂಡು ಉಬ್ಬುತ್ತದೆ. ಎರಡೂ ಸಮವಾಗುವುದು ಪದರಗಳ ಸಂಖ್ಯೆಯ ವರ್ಗಮೂಲದ ಹತ್ತಿರ. ಆದರೂ ಈ ಹತ್ತಕ್ಕೇ ಅಂಟಿಕೊಳ್ಳಬೇಕಿಲ್ಲ. ಐದೈದರ ತುಂಡು ಮಾಡಿದರೂ, ಇಪ್ಪತ್ತಿಪ್ಪತ್ತರ ತುಂಡು ಮಾಡಿದರೂ ಬರುವುದು 5 ಜಿಬಿ ಮಾತ್ರ.

ಇದಕ್ಕೆ ತೆರುವ ಬೆಲೆ ಸಮಯ. ಬ್ಯಾಕ್‌ವರ್ಡ್ ಪಾಸ್‌ನ ಕೆಲಸ ಸರಿಸುಮಾರು ಫಾರ್ವರ್ಡ್‌ನ ಎರಡರಷ್ಟು. ಒಂದು ಮತ್ತು ಎರಡು, ಒಟ್ಟು ಮೂರು ಪಾಲು. ಈಗ ಫಾರ್ವರ್ಡ್ ಇನ್ನೊಮ್ಮೆ ನಡೆಯುವುದರಿಂದ ನಾಲ್ಕು ಪಾಲಾಯಿತು, ಅಂದರೆ ಮೂರನೇ ಒಂದು ಭಾಗ ಹೆಚ್ಚು. 2016ರಲ್ಲಿ ಟಿಯಾಂಚಿ ಚೆನ್ ಮತ್ತು ಸಂಗಡಿಗರು ಈ ಉಪಾಯದಿಂದ 1000 ಪದರಗಳ ರೆಸ್‌ನೆಟ್‌ನ ಮೆಮೊರಿಯನ್ನು 48 ಜಿಬಿಯಿಂದ 7 ಜಿಬಿಗೆ ಇಳಿಸಿದಾಗ ಹೆಚ್ಚು ಹಿಡಿದ ಸಮಯ ಶೇ. 30ರಷ್ಟು. ಲೆಕ್ಕ ಹೇಳಿದ್ದಕ್ಕೂ ಯಂತ್ರ ತೋರಿಸಿದ್ದಕ್ಕೂ ಇಷ್ಟು ಹೊಂದಿಕೆ ಬರುವುದು ನನಗೆ ಈಗಲೂ ಖುಷಿ ಕೊಡುವ ಸಂಗತಿ. ಮೂಲ ಆಲೋಚನೆ ಇನ್ನೂ ಹಳೆಯದು. ಸ್ವಯಂಚಾಲಿತ ಅವಕಲನದ ಗಣಿತಜ್ಞ ಆಂದ್ರೆಯಾಸ್ ಗ್ರೀವಾಂಕ್ 1992ರಲ್ಲೇ ಇದರ ಬಗ್ಗೆ ಬರೆದಿದ್ದರು.

ಟ್ರಾನ್ಸ್‌ಫಾರ್ಮರ್‌ಗಳಿಗೆ ಬಂದರೆ ವರ್ಗಮೂಲದ ಗೊಡವೆಯೇ ಬೇಡ. ಅಲ್ಲಿ ಪದರದಿಂದ ಪದರಕ್ಕೆ ದಾಟುವುದು ಒಂದೇ ಟೆನ್ಸರ್, ಆದರೆ ಪದರದ ಒಳಗೆ ಹುಟ್ಟುವವು ಹತ್ತಾರು. 16 ಬಿಟ್ ಸಂಖ್ಯೆಗಳಲ್ಲಿ, ಡ್ರಾಪ್‌ಔಟ್ ಸಹಿತವಾದ ಸಾಂಪ್ರದಾಯಿಕ ಪದರವೊಂದು ಇಟ್ಟುಕೊಳ್ಳುವ ಬೈಟ್‌ಗಳನ್ನು ಹೀಗೆ ಅಂದಾಜು ಮಾಡುತ್ತಾರೆ:

```
s*b*h * (34 + 5*a*s/h)
```

s ಎಂದರೆ ಪಠ್ಯದ ಉದ್ದ, b ಬ್ಯಾಚ್, h ಪದರದ ಅಗಲ, a ಅಟೆನ್ಷನ್ ಹೆಡ್‌ಗಳ ಸಂಖ್ಯೆ. s 2048, b 1, h 4096, a 32 ಇರಲಿ. ಆಗ ಆವರಣದೊಳಗೆ 34 + 80, ಅಂದರೆ 114. ಒಂದು ಪದರಕ್ಕೆ 912 ಎಂಬಿ, 32 ಪದರಗಳಿಗೆ 28.5 ಜಿಬಿ. ಪ್ರತಿ ಪದರದ ಬಾಗಿಲಿನ ಟೆನ್ಸರ್ ಮಾತ್ರ ಬರೀ 16 ಎಂಬಿ. ಆದ್ದರಿಂದ ಪ್ರತಿ ಪದರವನ್ನೂ ಒಂದೊಂದು ತುಂಡು ಮಾಡಿದರೆ ಬಾಗಿಲುಗಳಿಗೆಲ್ಲ ಸೇರಿ 512 ಎಂಬಿ, ತೆರೆದಿರುವ ಒಂದು ಪದರಕ್ಕೆ 912 ಎಂಬಿ, ಒಟ್ಟು 1.4 ಜಿಬಿ. ಪೈಟಾರ್ಚ್‌ನಲ್ಲಿ ಇದಕ್ಕೆ ಬೇಕಾದ ಬದಲಾವಣೆ ಇಷ್ಟು:

```python
from torch.utils.checkpoint import checkpoint

for block in self.blocks:
    x = checkpoint(block, x, use_reentrant=False)
```

ಎಚ್ಚರ ಬೇಕಾದ ಜಾಗ ಒಂದಿದೆ. ಎರಡನೇ ಸಲದ ಲೆಕ್ಕ ಮೊದಲನೆಯದರ ಹಾಗೆಯೇ ಬರಬೇಕು. ಡ್ರಾಪ್‌ಔಟ್ ಕೆಲವು ಸಂಖ್ಯೆಗಳನ್ನು ಯಾದೃಚ್ಛಿಕವಾಗಿ ಆರಿಸಿ ಸೊನ್ನೆ ಮಾಡುತ್ತದೆ. ಮತ್ತೆ ಓಡಿಸಿದಾಗ ಬೇರೆಯವು ಸೊನ್ನೆಯಾದರೆ, ಲಾಸ್ ಒಂದು ಜಾಲದ್ದು, ಗ್ರೇಡಿಯೆಂಟ್ ಇನ್ನೊಂದು ಜಾಲದ್ದು ಆಗಿಬಿಡುತ್ತದೆ. ಇದಕ್ಕಾಗಿಯೇ ಪೈಟಾರ್ಚ್ ಯಾದೃಚ್ಛಿಕ ಸಂಖ್ಯೆಗಳ ಸ್ಥಿತಿಯನ್ನು ಉಳಿಸಿಟ್ಟು ಮರಳಿ ತರುತ್ತದೆ. ಆ `preserve_rng_state` ಅನ್ನು ವೇಗದ ಆಸೆಗೆ `False` ಮಾಡಿದರೆ ಯಾವ ದೋಷಸಂದೇಶವೂ ಬರುವುದಿಲ್ಲ, ತರಬೇತಿ ಮಾತ್ರ ಒಳಗೊಳಗೇ ಹದಗೆಡುತ್ತದೆ. ಬ್ಯಾಚ್‌ನಾರ್ಮ್‌ನದು ಇನ್ನೊಂದು ಬಗೆ. ಪ್ರತಿ ಫಾರ್ವರ್ಡ್‌ನಲ್ಲೂ ಅದು ತನ್ನ ಸರಾಸರಿಗೆ ಹೊಸ ಬ್ಯಾಚಿನ ಶೇ. 10ರಷ್ಟನ್ನು ಬೆರೆಸುತ್ತದೆ. ಅದೇ ಬ್ಯಾಚ್ ಎರಡು ಸಲ ಹಾದುಹೋದರೆ ಬೆರೆತದ್ದು ಶೇ. 19 ಆಯಿತು. ಇಂಥ ಎಡವಟ್ಟು ಹಿಡಿಯಲು ನಾನು ನಂಬುವ ಪರೀಕ್ಷೆ ಸರಳ: ಒಂದೇ ಬೀಜಸಂಖ್ಯೆ, ಒಂದೇ ಬ್ಯಾಚ್ ಇಟ್ಟುಕೊಂಡು ಚೆಕ್‌ಪಾಯಿಂಟ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಓಡಿಸಿ, ಗ್ರೇಡಿಯೆಂಟ್‌ಗಳನ್ನೂ ಬ್ಯಾಚ್‌ನಾರ್ಮ್‌ನ ಸರಾಸರಿಗಳನ್ನೂ ಹೋಲಿಸುವುದು. ದಶಮಾಂಶದ ಕೊನೆಯ ಅಂಕಿಗಳಾಚೆ ವ್ಯತ್ಯಾಸ ಕಂಡರೆ ಎಲ್ಲೋ ತಪ್ಪಿದೆ.

ತೂಕಗಳು, ಗ್ರೇಡಿಯೆಂಟ್‌ಗಳು, ಆಡಮ್ ಆಪ್ಟಿಮೈಸರ್ ಇಟ್ಟುಕೊಳ್ಳುವ ಸಂಖ್ಯೆಗಳು ಈ ಉಪಾಯದಿಂದ ಒಂದು ಬೈಟ್‌ನಷ್ಟೂ ಕರಗುವುದಿಲ್ಲ. ಇದರಿಂದ ಉಪಯೋಗವಿದೆಯೇ ಎಂದು ಮೊದಲೇ ತಿಳಿಯಬೇಕೆಂದರೆ ಬ್ಯಾಚ್ ಅನ್ನು ಅರ್ಧಕ್ಕೆ ಇಳಿಸಿ `torch.cuda.max_memory_allocated()` ಏನು ಹೇಳುತ್ತದೆ ನೋಡಿ. ಆ ಅಂಕಿ ಹೆಚ್ಚೇನೂ ಕದಲದಿದ್ದರೆ ಜಾಗ ತಿಂದಿರುವುದು ಆಕ್ಟಿವೇಷನ್‌ಗಳಲ್ಲ, ಚೆಕ್‌ಪಾಯಿಂಟಿಂಗ್‌ನಿಂದ ಸಿಗುವುದು ನಿಧಾನಗತಿಯೊಂದೇ.

ಆ ಅಂಕಿ ಚೆನ್ನಾಗಿ ಇಳಿದರೂ ಎಲ್ಲವನ್ನೂ ಮರೆಯಬೇಕೆಂದಿಲ್ಲ. ಮೇಲಿನ 114ರಲ್ಲಿ 80 ಪಾಲು ಅಟೆನ್ಷನ್‌ನ ಅಂಕಗಳ ಕೋಷ್ಟಕದಿಂದ ಬಂದದ್ದು. ಅದು ತುಂಬ ಜಾಗ ತಿನ್ನುತ್ತದೆ, ಆದರೆ ಮತ್ತೆ ಲೆಕ್ಕ ಹಾಕಲು ಹಿಡಿಯುವ ಕೆಲಸ ಕಡಿಮೆ. ದೊಡ್ಡ ಮ್ಯಾಟ್ರಿಕ್ಸ್ ಗುಣಾಕಾರಗಳು ಹುಟ್ಟಿಸಿದ್ದು ಉಳಿದ 34ರಲ್ಲೇ ಇದೆ. ಕೋಷ್ಟಕವನ್ನಷ್ಟೇ ಮರೆತು 34 ಪಾಲನ್ನು ಇಟ್ಟುಕೊಂಡರೆ ನಮ್ಮ 28.5 ಜಿಬಿ 8.5 ಜಿಬಿಗೆ ಇಳಿಯುತ್ತದೆ. ಆಗ ತೆರಬೇಕಾದ ಸಮಯ ಮೂರನೇ ಒಂದು ಭಾಗಕ್ಕಿಂತ ಎಷ್ಟೋ ಕಡಿಮೆ. 8.5 ಜಿಬಿ ಜಾಗ ಇರುವವರು 1.4ಕ್ಕೆ ಇಳಿಸಲು ಹೋಗಬೇಕಾಗಿಲ್ಲ.